ಹರವಿಯ ನೀರು ಮತ್ತು ಉದ್ದ ವಾಕ್ಯ

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಬಾಷ್ಪೀಕರಣದ ಭಾಗ ಬಂದಾಗ ಬೈಲಹೊಂಗಲದ ಮಕ್ಕಳಿಗೆ ಉದಾಹರಣೆ ಹುಡುಕಬೇಕಿಲ್ಲ. ಬೇಸಿಗೆಯಲ್ಲಿ ಮನೆಮನೆಯಲ್ಲೂ ಹರವಿ ಇರುತ್ತದೆ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬರುವ ನನ್ನ ಸಹಪಾಠಿಗಳೂ ಇದೇ ಉದಾಹರಣೆ ಕೊಡುತ್ತಾರೆ. ಮಕ್ಕಳು ತೊಡಕುವುದು ವಿಷಯದಲ್ಲಲ್ಲ, ಅದನ್ನು ಹೇಳುವ ವಾಕ್ಯದಲ್ಲಿ. ಅದನ್ನು ನೋಡಲೆಂದೇ ಅಭ್ಯಾಸ ಬೋಧನೆಯ ಒಂದು ಅವಧಿಗೆ ನಾನು ಈ ವಾಕ್ಯವನ್ನು ಸಿದ್ಧಪಡಿಸಿಕೊಂಡೆ:

"ಹರವಿಯ ಸಣ್ಣ ರಂಧ್ರಗಳಿಂದ ಹೊರಕ್ಕೆ ಜಿನುಗಿದ ನೀರಿನ ಮೇಲ್ಮೈಯಲ್ಲಿರುವ, ಹೆಚ್ಚು ಚಲನಶಕ್ತಿ ಹೊಂದಿದ ಕಣಗಳು ಉಳಿದ ಕಣಗಳ ಆಕರ್ಷಣೆಯನ್ನು ಮೀರಿ ಆವಿಯಾಗಿ ಹೊರಹೋಗುವುದರಿಂದ, ಉಳಿದ ನೀರಿನ ಸರಾಸರಿ ಶಕ್ತಿ ಕಡಿಮೆಯಾಗಿ, ಒಳಗಿನ ನೀರು ತಂಪಾಗುತ್ತದೆ."

ಓದಲು ಹೇಳಿದರೆ ತಡವರಿಸದೆ ಓದಿದರು. ಹಲಗೆ ಮುಚ್ಚಿ "ಏನು ಹೇಳಿತು?" ಎಂದು ಕೇಳಿದರೆ ಸಿಕ್ಕಿದ್ದು ಕೊನೆಯ ತುಂಡು ಮಾತ್ರ: "ನೀರು ತಂಪ ಆಗತೈತ್ರಿ." ಯಾಕೆ ಎಂದರೆ ಮೌನ.

ಇದಕ್ಕೆ ಕನ್ನಡ ವಾಕ್ಯದ ಕಟ್ಟೇ ಒಂದು ಕಾರಣ. ನಮ್ಮ ಭಾಷೆಯಲ್ಲಿ ವಿಶೇಷಣ ಮೊದಲು, ನಾಮಪದ ನಂತರ, ಪೂರ್ಣ ಕ್ರಿಯಾಪದ ಕಟ್ಟಕಡೆಗೆ. "ಜಿನುಗಿದ, ಮೇಲ್ಮೈಯಲ್ಲಿರುವ, ಹೊಂದಿದ" ಎಂದು ಓದುತ್ತಾ ಹೋಗುವ ಮಗು ಇವೆಲ್ಲ ಯಾರಿಗೆ ಸೇರಿದವು ಎಂದು ತಿಳಿಯುವ ಮೊದಲೇ ಅವನ್ನು ಕೈಯಲ್ಲಿ ಹಿಡಿದುಕೊಂಡಿರಬೇಕು. ಹಾಗೆ ಹಿಡಿದುಕೊಳ್ಳುವ ಜಾಗವನ್ನೇ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಕಾರ್ಯನಿರತ ಸ್ಮೃತಿ ಎಂದು ವಿವರಿಸಿದ್ದು. ಒಮ್ಮೆಗೆ ಸುಮಾರು ನಾಲ್ಕು ಅಂಶ ಹಿಡಿಯಬಹುದು ಎಂಬುದು ಕೋವನ್ ಅವರ 2001ರ ಅಂದಾಜು. ಅಂಶ ಎಂದರೆ ಪದವಲ್ಲ. 'ಚಲನಶಕ್ತಿ' ನಮಗೆ ಒಂದೇ ಗಂಟು. ಮೊನ್ನೆಯಷ್ಟೇ ಆ ಪದ ಕೇಳಿದ ಮಗುವಿಗೆ ಅದೊಂದೇ ಜಾಗವನ್ನೆಲ್ಲ ತಿನ್ನಬಹುದು. ಆದ್ದರಿಂದ ವಾಕ್ಯ ಒಡೆಯುವ ಮುನ್ನ ಹೊಸ ಪದವನ್ನು ಬೇರೆಯಾಗಿ ಹೇಳಿ ಮುಗಿಸಿದರೆ ಒಳ್ಳೆಯದು.

ಒಡೆಯುವುದನ್ನು ನಾನು ಕೊನೆಯಿಂದ ಶುರು ಮಾಡಿಸಿದೆ. ಮೊದಲು ಪೂರ್ಣ ಕ್ರಿಯಾಪದ: ತಂಪಾಗುತ್ತದೆ. ಏನು? ಒಳಗಿನ ನೀರು. ವಾಕ್ಯದ ಬೆನ್ನೆಲುಬು ಸಿಕ್ಕಿತು. ಆಮೇಲೆ 'ಉದರಿಂದ' ಎಂದು ಮುಗಿಯುವ ಜಾಗಕ್ಕೆ ಗೆರೆ, ಏಕೆಂದರೆ ಅಲ್ಲಿ ಕರ್ತೃ ಬದಲಾಗಿದೆ: ಹೋಗುವುದು ಕಣ, ತಂಪಾಗುವುದು ನೀರು. 'ಕಡಿಮೆಯಾಗಿ' ಎಂಬಲ್ಲಿಯೂ ಹಾಗೆಯೇ. 'ಮೀರಿ, ಆವಿಯಾಗಿ, ಹೊರಹೋಗು' ಮೂರಕ್ಕೂ ಕರ್ತೃ ಒಂದೇ, ಆದ್ದರಿಂದ ಅಲ್ಲಿ ಕತ್ತರಿಸಲಿಲ್ಲ. ಕೊನೆಗೆ, ನಾಮಪದದ ಹಿಂದೆ ನಿಂತ ಒಂದೊಂದು ಕೃದಂತವನ್ನೂ ಸ್ವಂತ ವಾಕ್ಯವಾಗಿ ತಿರುಗಿಸುವುದು. ಹೀಗೆ ಬಂತು:

ಹರವಿಯ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗುತ್ತದೆ. ಆ ನೀರಿನ ಮೇಲ್ಮೈಯಲ್ಲಿ ಕಣಗಳಿವೆ. ಕಣಗಳಿಗೆ ಹೆಚ್ಚು ಚಲನಶಕ್ತಿ ಇದೆ. ಕಣಗಳು ಆಕರ್ಷಣೆ ಮೀರಿ ಆವಿಯಾಗಿ ಹೋಗುತ್ತವೆ. ಉಳಿದ ನೀರಿನ ಸರಾಸರಿ ಶಕ್ತಿ ಕಡಿಮೆಯಾಗುತ್ತದೆ. ಒಳಗಿನ ನೀರು ತಂಪಾಗುತ್ತದೆ.

ಎಲ್ಲವೂ ಸುಲಭ, ಎಲ್ಲರಿಗೂ ಅರ್ಥವಾಯಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಟೀಚರ್, ಶಕ್ತಿ ಜಾಸ್ತಿ ಇದ್ರ ಎಲ್ಲಾ ಕಣ ಹೋಗಬೇಕಲ್ರಿ? ಹರವಿ ಯಾಕ ಖಾಲಿ ಆಗೂದಿಲ್ಲ?"

ಆ ಪ್ರಶ್ನೆ ಹುಟ್ಟಿದ್ದು ಒಡೆದ ವಾಕ್ಯದಿಂದಲೇ. ಮೂಲದಲ್ಲಿ 'ಹೆಚ್ಚು ಚಲನಶಕ್ತಿ ಹೊಂದಿದ' ಎಂಬ ಕೃದಂತ ಕಣಗಳನ್ನು ಆರಿಸುತ್ತಿತ್ತು: ಎಲ್ಲವೂ ಅಲ್ಲ, ಅಂಥವು ಮಾತ್ರ. ಬಿಡಿವಾಕ್ಯವಾದಾಗ ಆ ಆಯ್ಕೆ ಕಳಚಿ, ಬರೀ ವರ್ಣನೆ ಉಳಿಯಿತು. ಈ ಪಾಠದಲ್ಲಿ ವಿಜ್ಞಾನವೆಲ್ಲ ಆ ಆಯ್ಕೆಯಲ್ಲೇ ಇದೆ. ಹೆಚ್ಚು ಶಕ್ತಿಯವು ಹೊರಟುಹೋಗುವುದರಿಂದಲೇ ಉಳಿದವುಗಳ ಸರಾಸರಿ ಇಳಿಯುತ್ತದೆ. ಎಲ್ಲ ಕಣಗಳೂ ಒಂದೇ ಎಂದುಕೊಂಡರೆ ತಂಪಾಗಲು ಕಾರಣವೇ ಇಲ್ಲ. ಮೂರನೆಯ ವಾಕ್ಯವನ್ನು "ಅವುಗಳಲ್ಲಿ ಕೆಲವಕ್ಕೆ ಮಾತ್ರ ಹೆಚ್ಚು ಚಲನಶಕ್ತಿ ಇದೆ" ಎಂದೂ, ನಾಲ್ಕನೆಯದನ್ನು "ಆ ಕಣಗಳು" ಎಂದೂ ತರಗತಿಯೇ ತಿದ್ದಿತು. ಕೊನೆಯ ಎರಡು ವಾಕ್ಯಗಳ ಮುಂದೆ "ಆದ್ದರಿಂದ" ಸೇರಿತು. 'ಉದರಿಂದ' ಹೊತ್ತಿದ್ದ ಕಾರಣವನ್ನು ಬೇರೆ ಯಾವ ಪದವೂ ಹೊರುತ್ತಿರಲಿಲ್ಲ.

ಇನ್ನೊಂದು ಸಣ್ಣ ವಿಷಯ. ಬಿಡಿವಾಕ್ಯಗಳಲ್ಲಿ "ಅದು, ಅವು" ಎಂದು ಬರೆಯುತ್ತಾ ಹೋದರೆ ಯಾವುದು ಎಂದು ನೆನಪಿಡುವ ಹೊರೆ ಮತ್ತೆ ಮಗುವಿನ ಮೇಲೆಯೇ. ಓದಲು ಸ್ವಲ್ಪ ಒರಟಾದರೂ ನಾಮಪದವನ್ನೇ ಮತ್ತೆ ಬರೆಯುವುದು ಲೇಸು.

ಅರ್ಥವಾಗಿದೆಯೇ ಎಂದು ತಿಳಿಯಲು ನಾನು ಮರುಜೋಡಣೆ ಮಾಡಿಸುತ್ತೇನೆ. ಬಿಡಿವಾಕ್ಯಗಳನ್ನು ಕೊಟ್ಟು ಒಂದೋ ಎರಡೋ ವಾಕ್ಯವಾಗಿ ಬರೆಯಲು ಹೇಳಿದಾಗ, 'ಕೆಲವು' ಬಿಟ್ಟವರೂ 'ಆದ್ದರಿಂದ' ಬಿಟ್ಟವರೂ ತಕ್ಷಣ ಕಾಣುತ್ತಾರೆ. ಬಾಯಿಪಾಠ ಮಾಡಿದವರು ಜೋಡಿಸಲಾರರು. ಇದಕ್ಕೆ ಸಮಯ ಬೇಕು. ಒಂದು ಅವಧಿಯಲ್ಲಿ ಇಂಥ ಒಂದು ವಾಕ್ಯಕ್ಕಿಂತ ಹೆಚ್ಚು ನನಗೆ ಸಾಧ್ಯವಾಗಿಲ್ಲ. ಹಾಗಾಗಿ ಈಗ ಪಾಠಯೋಜನೆ ಬರೆಯುವಾಗ ಘಟಕವನ್ನು ಓದಿ, ಕಾರಣ ಮತ್ತು ಆಯ್ಕೆ ಎರಡೂ ಒಂದೇ ಕಡೆ ಸಿಕ್ಕಿಕೊಂಡ ವಾಕ್ಯ ಯಾವುದೆಂದು ಹುಡುಕಿ, ಅದಕ್ಕೆ ಮಾತ್ರ ಹದಿನೈದು ನಿಮಿಷ ಇಡುತ್ತೇನೆ.