ಬಾರ್ಲಿ ನೀರು ಕುಡಿದು ಕಾಳು ಚೆಲ್ಲಿದರೆ

ಮಂಗಳೂರಿನಿಂದ ಸೇಲಂಗೆ ಬಂದು ಆಹಾರ ತಜ್ಞೆಯಾಗಿ ಕೆಲಸಕ್ಕೆ ಸೇರಿದಾಗ ನಾನು ಕಲಿತ ಮೊದಲ ತಮಿಳು ಪದಗಳಲ್ಲಿ 'ಜವ್ವರಿಸಿ' ಒಂದು. ನಮ್ಮ ಸಬ್ಬಕ್ಕಿಯೇ ಅದು. ಮರಗೆಣಸಿನ ಹಿಟ್ಟಿನಿಂದ ಸಬ್ಬಕ್ಕಿ ಮಾಡುವುದರಲ್ಲಿ ಸೇಲಂ ಇಡೀ ದೇಶಕ್ಕೇ ಹೆಸರುವಾಸಿ. ಶೆವ್ವಾಯ್‌ಪೇಟೆಯ ದಿನಸಿ ಬೀದಿಗೆ ಹೋದರೆ ಅದರ ಮೂಟೆಯ ಪಕ್ಕದಲ್ಲೇ 'ಬಾರ್ಲಿ ಅರಿಸಿ' ಇರುತ್ತದೆ. ಎರಡೂ ಬಿಳಿ, ಎರಡೂ ದುಂಡಗೆ, ಬೇಯಿಸಿದರೆ ಎರಡೂ ಅಂಟಂಟು ಗಂಜಿ. ಆದರೆ ರಕ್ತದ ಕೊಲೆಸ್ಟ್ರಾಲ್ ವಿಷಯ ಬಂದಾಗ ಈ ಎರಡು ಗಂಜಿಗಳಿಗೂ ಅಜಗಜಾಂತರ.

ಇದನ್ನು ಬರೆಯಬೇಕೆಂದು ಅನ್ನಿಸಿದ್ದು ನನ್ನ ಮಾಮನಿಂದಾಗಿ. ಅವರು ಮೂವತ್ತು ವರ್ಷಗಳಿಂದ ಧರ್ಮಪುರಿಯಲ್ಲಿ ಚಹಾ ಮತ್ತು ಬೇಕರಿ ಅಂಗಡಿ ನಡೆಸುತ್ತಿದ್ದಾರೆ. ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆ ಇದೆ. ಅವರ ತಮ್ಮ ಐವತ್ತೆರಡಕ್ಕೇ ಹೃದಯಾಘಾತದಿಂದ ತೀರಿಕೊಂಡವರು. ಕಳೆದ ವರ್ಷ ಮಾಮನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 162 ಬಂತು. ಡಾಕ್ಟರು ಸ್ಟ್ಯಾಟಿನ್ ಮಾತ್ರೆ ಬರೆದರು. ಮಾಮ ಚೀಟಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು, ಅಂಗಡಿಗೆ ಬರುವವರೊಬ್ಬರ ಸಲಹೆಯಂತೆ ಬಾರ್ಲಿ ನೀರು ಶುರು ಮಾಡಿದರು. ಎರಡು ತಿಂಗಳ ನಂತರ ಎಲ್‌ಡಿಎಲ್ 158. "ನೋಡು, ಇಳಿಯುತ್ತಾ ಇದೆ" ಎಂದು ಫೋನ್ ಮಾಡಿದರು.

ಇಳಿದಿರಲಿಲ್ಲ. ಒಬ್ಬರದೇ ರಕ್ತವನ್ನು ಈ ವಾರ ಒಮ್ಮೆ, ಮುಂದಿನ ವಾರ ಒಮ್ಮೆ ಪರೀಕ್ಷಿಸಿದರೂ ಎಲ್‌ಡಿಎಲ್ ಹತ್ತು ಅಂಶ ಹೆಚ್ಚುಕಡಿಮೆ ಆಗುವುದು ಮಾಮೂಲು. 162 ಮತ್ತು 158 ಅಂದರೆ ಒಂದೇ. ಹಾಗಾದರೆ ಬಾರ್ಲಿಗೆ ಗುಣವಿಲ್ಲವೇ? ಇದೆ. ಆ ಗುಣ ಮಾಮನ ಲೋಟಕ್ಕೆ ಬರಲಿಲ್ಲ, ಅಷ್ಟೆ.

ಬಾರ್ಲಿ ಮತ್ತು ಓಟ್ಸ್‌ನಲ್ಲಿ ಬೀಟಾ-ಗ್ಲುಕಾನ್ ಎಂಬ ಕರಗುವ ನಾರು ಇದೆ. ಸಬ್ಬಕ್ಕಿಯ ಪಿಷ್ಟದಂತೆ ಇದೂ ಗ್ಲುಕೋಸ್ ಕಣಗಳನ್ನು ಪೋಣಿಸಿದ ಉದ್ದದ ಸರವೇ. ಆದರೆ ಪೋಣಿಸಿದ ರೀತಿ ಬೇರೆ. ಪಿಷ್ಟದ ಸರವನ್ನು ಕತ್ತರಿಸುವ ಕಿಣ್ವ ನಮ್ಮ ಎಂಜಲಿನಲ್ಲೂ ಕರುಳಿನಲ್ಲೂ ಇದೆ. ಬೀಟಾ-ಗ್ಲುಕಾನ್ ಸರ ಕತ್ತರಿಸುವ ಕಿಣ್ವ ಮನುಷ್ಯನಿಗೆ ಇಲ್ಲ. ಬೇಕಾದರೆ ಮನೆಯಲ್ಲೇ ನೋಡಬಹುದು. ಉಗುರು ಬೆಚ್ಚಗಿನ ಸಬ್ಬಕ್ಕಿ ಗಂಜಿಯನ್ನು ಒಂದು ಚಮಚದಷ್ಟು ಬೇರೆ ತೆಗೆದು, ಅದಕ್ಕೆ ಸ್ವಲ್ಪ ಎಂಜಲು ಬೆರೆಸಿ ಕಲಕಿ. ಕೆಲವೇ ನಿಮಿಷಗಳಲ್ಲಿ ನೀರಾಗುತ್ತದೆ. ಬಾರ್ಲಿ ಗಂಜಿಗೂ ಹಾಗೆಯೇ ಮಾಡಿದರೆ ಅದರಲ್ಲಿರುವ ಪಿಷ್ಟ ಕರಗಿ ಸ್ವಲ್ಪ ತೆಳುವಾಗುತ್ತದೆ, ಆದರೆ ಬೆರಳಿಗೆ ಹತ್ತುವ ಲೋಳೆ ಉಳಿಯುತ್ತದೆ. ಗಂಜಿ ಬಿಸಿ ಇರುವಾಗ ಮಾಡಬೇಡಿ, ಬಿಸಿಗೆ ಎಂಜಲಿನ ಕಿಣ್ವವೇ ಸತ್ತುಹೋಗುತ್ತದೆ. (ನಮ್ಮ ಮನೆಯಲ್ಲಿ ಈ ಪ್ರಯೋಗ ಮಾಡಿದ ದಿನ ಉಮ್ಮ ಆ ಬಟ್ಟಲನ್ನು ಮೂರು ಸಲ ತೊಳೆದರು.)

ಕೊಲೆಸ್ಟ್ರಾಲ್ ಇಳಿಸುವುದು ಈ ಉಳಿದ ಲೋಳೆಯೇ. ಹೇಗೆಂದರೆ, ನಮ್ಮ ಲಿವರ್ ಕೊಲೆಸ್ಟ್ರಾಲಿನಿಂದಲೇ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಊಟದ ಕೊಬ್ಬು ಕರಗಿಸಲು ಅವು ಕರುಳಿಗೆ ಇಳಿಯುತ್ತವೆ. ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ಕೊನೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ದೇಹ ಹೀರಿಕೊಂಡು ಲಿವರಿಗೆ ವಾಪಸು ಕಳಿಸುತ್ತದೆ. ಹಳೆಯ ಬಾಟಲಿ ತೊಳೆದು ಮತ್ತೆ ತುಂಬಿಸುವ ಸೋಡಾ ಫ್ಯಾಕ್ಟರಿಯ ಹಾಗೆ. ಕರುಳಿನಲ್ಲಿ ಲೋಳೆ ದಟ್ಟವಾಗಿದ್ದರೆ ಒಂದಷ್ಟು ಪಿತ್ತಾಮ್ಲ ಅದರಲ್ಲೇ ಸಿಕ್ಕಿಬಿದ್ದು ಮಲದೊಂದಿಗೆ ಹೊರಹೋಗುತ್ತದೆ. ಬಾಟಲಿ ವಾಪಸು ಬರದಿದ್ದರೆ ಹೊಸದು ತರಬೇಕಲ್ಲ? ಲಿವರ್ ಹೊಸ ಪಿತ್ತಾಮ್ಲ ಮಾಡಲು ಹೆಚ್ಚು ಕೊಲೆಸ್ಟ್ರಾಲ್ ಬಳಸುತ್ತದೆ, ಆ ಕೊರತೆ ತುಂಬಲು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ.

ಇದು ಬರೀ ಊಹೆಯಲ್ಲ. 1995ರಲ್ಲಿ ಸ್ವೀಡನ್ನಿನ ಸಂಶೋಧಕರು, ಆಪರೇಷನ್ ಆಗಿ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಚೀಲಕ್ಕೆ ತೆರೆದಿದ್ದವರ ಮೇಲೆ ಪರೀಕ್ಷೆ ಮಾಡಿದರು. ಅಂಥವರಲ್ಲಿ ಸಣ್ಣ ಕರುಳಿನಿಂದ ಏನೇನು ಹೊರಬರುತ್ತದೆ ಎಂದು ನೇರವಾಗಿ ಅಳೆಯಬಹುದು. ಒಮ್ಮೆ ಓಟ್ಸ್ ತೌಡಿನ ಬ್ರೆಡ್ ಕೊಟ್ಟರು, ಇನ್ನೊಮ್ಮೆ ಅದೇ ಬ್ರೆಡ್ಡಿಗೆ ಬೀಟಾ-ಗ್ಲುಕಾನ್ ಕತ್ತರಿಸುವ ಕಿಣ್ವ ಸೇರಿಸಿ ಕೊಟ್ಟರು. ಸರ ಇಡಿಯಾಗಿದ್ದಾಗ ಹೊರಹೋದ ಪಿತ್ತಾಮ್ಲ, ಕತ್ತರಿಸಿದಾಗಿನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಓಟ್ಸ್ ಅದೇ. ಲೋಳೆ ಹೋದಾಗ ಕೆಲಸವೂ ಹೋಯಿತು.

ಈಗ ಮಾಮನ ಬಾರ್ಲಿ ನೀರಿಗೆ ಬರೋಣ. ಒಂದು ದೊಡ್ಡ ಚಮಚ ಬಾರ್ಲಿ, ಒಂದು ಲೀಟರ್ ನೀರು, ಕುದಿಸಿ ಸೋಸಿ ನಿಂಬೆಹಣ್ಣು ಹಿಂಡಿ ಅವರೂ ಮಾಮಿಯೂ ಹಂಚಿಕೊಂಡು ಕುಡಿಯುತ್ತಿದ್ದರು. ಕಾಳು ಕಸದ ಬುಟ್ಟಿಗೆ. ಒಂದು ದೊಡ್ಡ ಚಮಚ ಅಂದರೆ ಹದಿನೈದು ಗ್ರಾಂ ಇರಬಹುದು. ಬಾರ್ಲಿಯಲ್ಲಿ ಬೀಟಾ-ಗ್ಲುಕಾನ್ ನೂರಕ್ಕೆ ನಾಲ್ಕೈದು ಗ್ರಾಂ. ಹಾಗಾಗಿ ಆ ಚಮಚದಲ್ಲಿ ಇರುವುದೇ ಮುಕ್ಕಾಲು ಗ್ರಾಂ ಒಳಗೆ. ಅದರಲ್ಲಿ ಒಂದು ಭಾಗ ಮಾತ್ರ ನೀರಿಗೆ ಇಳಿಯುತ್ತದೆ, ಉಳಿದದ್ದು ಕಾಳಿನಲ್ಲೇ. ಅದನ್ನೂ ಇಬ್ಬರು ಹಂಚಿಕೊಂಡರೆ? ಬೇಕಾಗಿರುವುದು ಒಬ್ಬರಿಗೆ ದಿನಕ್ಕೆ 3 ಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಓಟ್ಸ್‌ಗೆ, ಆಮೇಲೆ ಬಾರ್ಲಿಗೂ ಒಪ್ಪಿದ ಪ್ರಮಾಣ ಇದು. ನಮ್ಮೂರಿನಲ್ಲಿ ಕುಚ್ಚಲಕ್ಕಿಯ ತೆಳಿ ಮಾತ್ರ ಕುಡಿದು ಅನ್ನ ಚೆಲ್ಲಿದರೆ ಹೊಟ್ಟೆ ತುಂಬುತ್ತದೆಯೇ? ಇದೂ ಹಾಗೆಯೇ. ಉರಿಮೂತ್ರಕ್ಕೆ, ಬಿಸಿಲಿಗೆ ಬಾರ್ಲಿ ನೀರು ಕುಡಿಯುವುದಾದರೆ ಧಾರಾಳವಾಗಿ ಕುಡಿಯಿರಿ. ಕೊಲೆಸ್ಟ್ರಾಲಿಗಾದರೆ ಕಾಳು ತಿನ್ನಬೇಕು.

ಬಾರ್ಲಿಯಲ್ಲಿ ಒಂದು ಅನುಕೂಲ ಉಂಟು. ಓಟ್ಸ್‌ನಲ್ಲಿ ಈ ನಾರು ಹೆಚ್ಚಾಗಿ ಕಾಳಿನ ಹೊರಭಾಗದಲ್ಲಿರುತ್ತದೆ. ಬಾರ್ಲಿಯಲ್ಲಾದರೆ ಒಳಗಿನ ತಿರುಳಿನ ತುಂಬ ಹರಡಿಕೊಂಡಿದೆ. ಅದಕ್ಕೇ ಪಾಲಿಶ್ ಮಾಡಿದ ಬಿಳಿ ಬಾರ್ಲಿಯಲ್ಲೂ ಅದು ಕಳೆದುಹೋಗುವುದಿಲ್ಲ. ಮೊಳಕೆ ಬರಿಸಿ ಒಣಗಿಸಿ ಪುಡಿ ಮಾಡಿದ ಬಾರ್ಲಿ ಮಾಲ್ಟ್ ಮಾತ್ರ ಈ ಕೆಲಸಕ್ಕೆ ಬೇಡ. ಮೊಳೆಯುವಾಗ ಕಾಳು ತನ್ನದೇ ಕಿಣ್ವದಿಂದ ಬೀಟಾ-ಗ್ಲುಕಾನ್ ಅನ್ನು ಕತ್ತರಿಸಿಹಾಕುತ್ತದೆ. ಮೊಳಕೆ ಬಂದರೆ ಎಲ್ಲ ಧಾನ್ಯವೂ ಇನ್ನೂ ಒಳ್ಳೆಯದಾಗುತ್ತದೆ ಎಂದು ನಂಬಿದವರಿಗೆ ಇದನ್ನು ಒಪ್ಪಿಸುವುದು ನನಗೆ ಇಂದಿಗೂ ಕಷ್ಟ.

"ರಾಗಿ ಇದೆಯಲ್ಲ, ಅದು ಸಾಲದೇ?" ಇದು ಪೆನ್ನಾಗರಂ, ಪಾಲಕ್ಕೋಡು ಕಡೆಯಿಂದ ಬರುವವರ ಪ್ರಶ್ನೆ. ಅಲ್ಲಿ ಕನ್ನಡ ಮಾತಾಡುವ ಮನೆಗಳೂ ಇವೆ, ಅವರು ಮುದ್ದೆ ಅನ್ನುವುದನ್ನು ಪಕ್ಕದ ತಮಿಳು ಮನೆಯವರು ಕಳಿ ಅನ್ನುತ್ತಾರೆ. ಧರ್ಮಪುರಿಯ ರಾಗಿ, ಸಾಮೆ ಎರಡೂ ಒಳ್ಳೆಯ ಆಹಾರ, ಬಿಡಬೇಡಿ ಅಂತಲೇ ಹೇಳುತ್ತೇನೆ. ಆದರೆ ರಾಗಿಯ ನಾರಿನಲ್ಲಿ ಬಹುಪಾಲು ಕರಗದ ನಾರು. ಓಟ್ಸ್, ಬಾರ್ಲಿಯಷ್ಟು ಬೀಟಾ-ಗ್ಲುಕಾನ್ ಅದರಲ್ಲಿಲ್ಲ. ರಾಗಿ ಕೂಳಿನ ದಪ್ಪವೂ ಸಬ್ಬಕ್ಕಿಯ ಹಾಗೆ ಮುಖ್ಯವಾಗಿ ಪಿಷ್ಟದ್ದೇ.

ಮಾಮನಿಗೆ ನಾವು ಮಾಡಿದ ಲೆಕ್ಕ ಹೀಗಿತ್ತು. ರಾತ್ರಿ 50 ಗ್ರಾಂ ಬಾರ್ಲಿ ತೊಳೆದು ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲದೆ ಅದರಲ್ಲೇ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವುದು. ಇದರಲ್ಲಿ ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು ಬೀಟಾ-ಗ್ಲುಕಾನ್. ಸಂಜೆ 30 ಗ್ರಾಂ ಸಾದಾ ಓಟ್ಸ್, ಅದರಿಂದ ಒಂದು ಗ್ರಾಂ ಚಿಲ್ಲರೆ. ಎರಡೂ ಸೇರಿ ಮೂರು ದಾಟುತ್ತದೆ. ಇವುಗಳನ್ನು ಅನ್ನದ ಮೇಲೆ ಹೆಚ್ಚುವರಿಯಾಗಿ ತಿನ್ನುವುದಲ್ಲ, ಅಷ್ಟು ಅನ್ನ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಮಾಮನ ಸಕ್ಕರೆ ಏರುತ್ತದೆ. ಮೊದಲ ವಾರ ಅರ್ಧ ಪ್ರಮಾಣ ಮಾತ್ರ ಕೊಟ್ಟೆವು, ಏಕೆಂದರೆ ಒಮ್ಮೆಲೇ ಶುರು ಮಾಡಿದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಈ ನಾರನ್ನು ಹುದುಗಿಸಿ ಹೊಟ್ಟೆ ಉಬ್ಬರಿಸುತ್ತದೆ. ಮಾಮನಿಗೆ ಬಾರ್ಲಿ ಗಂಜಿಯ ರುಚಿ ಹಿಡಿಯಲಿಲ್ಲ. ಒಣಮೀನಿನ ಚಟ್ನಿ ಚಿಟಿಕೆಯಷ್ಟು ಇಟ್ಟ ಮೇಲೆ ಹಿಡಿಯಿತು. ಅವರದೇ ಅಂಗಡಿಯ ಓಟ್ಸ್ ಬಿಸ್ಕತ್ತು ಆಗುವುದಿಲ್ಲವೇ ಎಂದು ಕೇಳಿದರು. ಪೊಟ್ಟಣ ತಿರುಗಿಸಿ ಓದಿ ಎಂದೆ: ಮೊದಲು ಮೈದಾ, ಆಮೇಲೆ ಸಕ್ಕರೆ, ಎಣ್ಣೆ, ಆಮೇಲೆ ಎಲ್ಲೋ ಓಟ್ಸ್.

ಆರು ವಾರ ಕಳೆದ ಮೇಲೆ ಹತ್ತು ದಿನದ ಅಂತರದಲ್ಲಿ ಎರಡು ಸಲ ರಕ್ತ ಕೊಡಿಸಿದೆ. 148 ಮತ್ತು 146. ಎರಡೂ ಹತ್ತಿರ ಹತ್ತಿರ ಇದ್ದದ್ದರಿಂದ ಇದು ನಿಜವಾದ ಇಳಿಕೆ ಎನ್ನಬಹುದು, ನೂರಕ್ಕೆ ಒಂಬತ್ತರಷ್ಟು. ದೆಹಲಿಯಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಲ್ಕು ವಾರ ದಿನಕ್ಕೆ 3 ಗ್ರಾಂ ಕರಗುವ ನಾರು ಸಿಗುವಷ್ಟು ಓಟ್ಸ್ ತಿಂದವರ ಎಲ್‌ಡಿಎಲ್ ನೂರಕ್ಕೆ ಹನ್ನೊಂದರಷ್ಟು ಇಳಿದಿತ್ತು. ಆದರೆ ಓಟ್ಸ್ ತಿನ್ನದೆ ಮಾಮೂಲಿ ಊಟ ಮಾಡಿದವರಲ್ಲೂ ನಾಲ್ಕರಷ್ಟು ಇಳಿದಿತ್ತು. ಹಾಗಾಗಿ ಓಟ್ಸ್‌ನ ಪಾಲು ಏಳರಷ್ಟು ಎಂದು ಓದಬೇಕು.

ಮಾಮ ಖುಷಿಯಾಗಿ, "ಹಾಗಾದರೆ ಮಾತ್ರೆ ಬೇಡ" ಎಂದರು. ಜಗಳ ಆದದ್ದು ಇಲ್ಲಿ. ಕಾಗದ ತೆಗೆದು ಬರೆದು ತೋರಿಸಿದೆ. ಸಕ್ಕರೆ ಕಾಯಿಲೆ ಇರುವ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡ ಅವರಿಗೆ ಡಾಕ್ಟರು ಹೇಳಿದ ಗುರಿ 100ರ ಕೆಳಗೆ. ಬಾರ್ಲಿ, ಓಟ್ಸ್ ಎರಡೂ ಸೇರಿ ತಂದುಕೊಟ್ಟದ್ದು ಹದಿನೈದು ಅಂಶ. ಇನ್ನೂ ನಲವತ್ತೇಳು ಇಳಿಯಬೇಕು. ಬಾರ್ಲಿಯನ್ನು ಇಮ್ಮಡಿ ಮಾಡಿದರೆ ಇಳಿಕೆ ಇಮ್ಮಡಿಯಾಗುವುದಿಲ್ಲ, ಹೊಟ್ಟೆ ಉಬ್ಬರ ಮಾತ್ರ ಆಗಬಹುದು. ಸ್ಟ್ಯಾಟಿನ್ ಲಿವರಿನ ಒಳಗೆ ಕೊಲೆಸ್ಟ್ರಾಲ್ ತಯಾರಿಯನ್ನೇ ತಡೆಯುತ್ತದೆ, ಸಾಮಾನ್ಯ ಪ್ರಮಾಣದಲ್ಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸುತ್ತದೆ. ಬಾರ್ಲಿ ಹೊರಹೋಗುವ ಬಾಗಿಲು ತೆರೆಯುತ್ತದೆ, ಮಾತ್ರೆ ಒಳಗಿನ ಉತ್ಪಾದನೆ ತಗ್ಗಿಸುತ್ತದೆ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿಯಲ್ಲ.

ಒಂದು ವಾರ ಫೋನ್ ಮಾಡಲಿಲ್ಲ ಅವರು. ಆಮೇಲೆ ಮಾಮಿ ಗಲ್ಲಾಪೆಟ್ಟಿಗೆಯಿಂದ ಚೀಟಿ ತೆಗೆದು ತಾವೇ ಮೆಡಿಕಲ್‌ಗೆ ಹೋಗಿ ಬಂದರಂತೆ. ಬಾರ್ಲಿ ನಿಲ್ಲಿಸಿಲ್ಲ, ಜೊತೆಗೆ ಮಾತ್ರೆ. ಎರಡು ತಿಂಗಳ ನಂತರ ಎಲ್‌ಡಿಎಲ್ 91. ಈಗ ಮೂರು ತಿಂಗಳಿಗೊಮ್ಮೆ ರಿಪೋರ್ಟ್ ಕಳಿಸುತ್ತಾರೆ. ಕೊನೆಯ ಸಲ ಕಳಿಸಿದಾಗ ಕೆಳಗೆ ಒಂದು ಸಾಲು ಇತ್ತು: ಶೆವ್ವಾಯ್‌ಪೇಟೆಯಿಂದ ಬರುವಾಗ ಐದು ಕಿಲೋ ಬಾರ್ಲಿ ತಾ, ಇಲ್ಲಿ ರೇಟು ಜಾಸ್ತಿ.