ಕೆಂಪಿಯ ಅರ್ಜಿ

ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: 'ಮನವಿ ಪತ್ರ ಓದಿದವರ ಮನಸ್ಸು ಕರಗಬೇಕು.' ಹತ್ತನೆಯ ತರಗತಿಯಲ್ಲಿದ್ದ ನಾನು ಆ ಮಾತನ್ನು ವೇದವಾಕ್ಯವೆಂದು ನಂಬಿದ್ದೆ. ಪರೀಕ್ಷೆಯಲ್ಲಿ ಪತ್ರಕ್ಕೆ ಇಟ್ಟ ಅಂಕಗಳಲ್ಲಿ ಒಂದೂ ನನಗೆ ತಪ್ಪುತ್ತಿರಲಿಲ್ಲ. ಆ ನಂಬಿಕೆ ಮುರಿದದ್ದು 2011ರ ಡಿಸೆಂಬರಿನಲ್ಲಿ, ನಮ್ಮ ವಲಯ ಅರಣ್ಯ ಕಛೇರಿಯ ಮೆಟ್ಟಿಲ ಮೇಲೆ.

ನಮ್ಮ ಊರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡಿದೆ. ರಾಗಿ ತೆನೆ ಬಲಿಯುವ ಹೊತ್ತು ನಮಗೆ ಹೇಗೆ ಗೊತ್ತೋ ಆನೆಗಳಿಗೂ ಹಾಗೆಯೇ ಗೊತ್ತು. ಅಟ್ಟಣೆಯ ಮೇಲೆ ಕುಳಿತು ಹದಿನೈದು ರಾತ್ರಿ ಕಾದ ಅಪ್ಪ ಹದಿನಾರನೆಯ ರಾತ್ರಿ ಜ್ವರ ಬಂದು ಮನೆಯಲ್ಲಿ ಮಲಗಿದರು. ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ನಡುವೆ ರಸ್ತೆ ಮಾಡಿದ ಹಾಗಿತ್ತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು.

'ನೀನು ಓದಿದವ್ನಲ್ವೇನ್ಲಾ, ಒಂದು ಅರ್ಜಿ ಬರಿ' ಎಂದರು ಅಪ್ಪ. ನಾನು ಎರಡು ಪುಟ ಬರೆದೆ. ನಮ್ಮ ಕುಟುಂಬ ಕಣ್ಣೀರಿನಲ್ಲಿ ಕೈತೊಳೆಯುತ್ತಿದೆ ಎಂದು ಬರೆದೆ. ರೈತನೇ ದೇಶದ ಬೆನ್ನೆಲುಬು ಎಂದೂ ಸೇರಿಸಿದೆ. ನಷ್ಟ 'ಸುಮಾರು ಎರಡು ಎಕರೆ' ಎಂದು ಬರೆದು, ಕೊನೆಗೆ 'ದಯಾಮಯರಾದ ತಾವು' ಎಂದು ಮುಗಿಸಿದೆ. ಅಪ್ಪ ಹೆಬ್ಬೆಟ್ಟಿನ ಬದಲು ಕಷ್ಟಪಟ್ಟು ಸಹಿ ಹಾಕಿದರು.

ಕಛೇರಿಯಲ್ಲಿದ್ದವರು ಓದಿ, ಪಹಣಿ ತೆಗೆದು ನೋಡಿ, ಎರಡನ್ನೂ ನನ್ನ ಮುಂದೆ ಇಟ್ಟರು. 'ಜಮೀನೇ ಒಂದು ಎಕರೆ ಇಪ್ಪತ್ತು ಗುಂಟೆ. ನಷ್ಟ ಎರಡು ಎಕರೆ ಹೇಗಪ್ಪ ಆಯ್ತು?' ನನ್ನ ಕಿವಿ ಬಿಸಿಯಾಯಿತು. ಸರ್ವೆ ನಂಬರ್ ಬರೆದಿರಲಿಲ್ಲ, ಯಾವ ರಾತ್ರಿ ಎಂದು ಬರೆದಿರಲಿಲ್ಲ, ಯಾವ ಪ್ರಾಣಿ ಎಂದು ಕೂಡ 'ಕಾಡುಪ್ರಾಣಿಗಳು' ಎಂದಷ್ಟೇ ಬರೆದಿದ್ದೆ. ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಪಹಣಿಯಲ್ಲಿ ಇದ್ದದ್ದು ಅಪ್ಪನ ಹೆಸರಲ್ಲ, ಸತ್ತು ಎಂಟು ವರ್ಷವಾದ ನಮ್ಮ ತಾತನ ಹೆಸರು.

ಅಲ್ಲಿದ್ದ ವಯಸ್ಸಾದ ಗಾರ್ಡೊಬ್ಬರು ನನ್ನನ್ನು ಹೊರಗೆ ಕರೆದುಕೊಂಡು ಬಂದರು. 'ಮಗಾ, ಇದು ಕರಗಿಸೋ ಕಾಗದ ಅಲ್ಲ. ಸಾಹೇಬ್ರು ಕರಗಿದ್ರೂ ಖಜಾನೆ ಕರಗಲ್ಲ. ಇದು ತೋರಿಸೋ ಕಾಗದ. ಎಲ್ಲಿ, ಯಾವಾಗ, ಯಾವ ಪ್ರಾಣಿ, ಎಷ್ಟು. ಇಷ್ಟು ಬರಿ. ನಾವು ಬಂದು ನೋಡಿದಾಗ ನೀನು ಬರೆದದ್ದೂ ನೆಲದ ಮೇಲೆ ಇರೋದೂ ಒಂದೇ ಆಗಿರ್ಬೇಕು.'

ಮನೆಗೆ ಬಂದು ನಾನೂ ಅಪ್ಪನೂ ಹೊಲ ಅಳೆದೆವು. ಮೂವತ್ತಮೂರು ಅಡಿಯ ಒಂದು ಹಗ್ಗ ಮಾಡಿಕೊಂಡೆವು. ಉದ್ದ ಒಂದು ಹಗ್ಗ, ಅಗಲ ಒಂದು ಹಗ್ಗ ಇದ್ದರೆ ಒಂದು ಗುಂಟೆ. ಅಂಥ ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಪೂರ್ತಿ ಹಾಳಾಗಿದ್ದ ಜಾಗ ಉದ್ದಕ್ಕೆ ನಾಲ್ಕು ಹಗ್ಗ, ಅಗಲಕ್ಕೆ ಮೂರು ಹಗ್ಗ ಬಂತು. ಅಂದರೆ 12 ಗುಂಟೆ. ನಮ್ಮ ಮಳೆಯಾಶ್ರಯದ ಜಮೀನಿನಲ್ಲಿ ಒಳ್ಳೆಯ ವರ್ಷ ಎಕರೆಗೆ ಎಂಟು ಕ್ವಿಂಟಲ್ ರಾಗಿ. ಆ ಲೆಕ್ಕದಲ್ಲಿ 12 ಗುಂಟೆಗೆ ಎರಡು ಕ್ವಿಂಟಲ್ ನಲವತ್ತು ಕಿಲೋ. ಪರಿಹಾರವನ್ನು ಲೆಕ್ಕ ಹಾಕುವುದು ಹೀಗೆಯೇ: ಹಾಳಾದ ವಿಸ್ತೀರ್ಣದಿಂದ ಇಳುವರಿ, ಇಳುವರಿಯಿಂದ ಸರ್ಕಾರ ಆ ಬೆಳೆಗೆ ಕ್ವಿಂಟಲಿಗೆ ಗೊತ್ತುಮಾಡಿದ ದರ. ಎರಡು ಎಕರೆ ಎಂದು ಕೂಗಿದ್ದ ನನಗೆ 12 ಗುಂಟೆ ಎಂದು ಬರೆಯಲು ನಾಚಿಕೆಯಾಯಿತು. ಆದರೆ ಅದು ನಿಜವಾದ 12 ಗುಂಟೆ. ಯಾರು ಬಂದು ಅಳೆದರೂ ಅಷ್ಟೇ.

ಪಹಣಿಯ ತೊಡಕು ಬಿಡಿಸಲು ವಂಶವೃಕ್ಷ ಬೇಕಿತ್ತು, ಜೊತೆಗೆ ದೊಡ್ಡಪ್ಪನ ಒಪ್ಪಿಗೆ ಪತ್ರ. ಅಪ್ಪನಿಗೂ ದೊಡ್ಡಪ್ಪನಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಕಾಗದ ಹಿಡಿದು ದೊಡ್ಡಪ್ಪನ ಜಗುಲಿಯಲ್ಲಿ ನಿಂತವನು ನಾನು. ಅವರು ಓದಿಸಿ ಕೇಳಿದರು. 'ನಿಮ್ಮಪ್ಪ ಯಾಕೆ ಬರ್ಲಿಲ್ಲ?' ಎಂದರು. ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿಕೊಟ್ಟರು. ದೊಡ್ಡಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟರು.

ಎರಡನೆಯ ಅರ್ಜಿ ಅರ್ಧ ಪುಟವಿತ್ತು. ಗಾರ್ಡು ಬಂದು ನೋಡಿದರು, ಲದ್ದಿ ಮತ್ತು ಹೆಜ್ಜೆಗಳ ಫೋಟೋ ಹಿಡಿದರು, ಪಕ್ಕದ ಹೊಲದವರಿಂದ ಮಹಜರಿಗೆ ಸಹಿ ಹಾಕಿಸಿಕೊಂಡರು. ಐದು ತಿಂಗಳ ಮೇಲೆ ಹಣ ಬಂತು. ಅಪ್ಪ ಲೆಕ್ಕ ಹಾಕಿದ್ದರ ಅರ್ಧಕ್ಕಿಂತ ಕಡಿಮೆ. ಹುಲ್ಲು ಲೆಕ್ಕದಲ್ಲಿರಲಿಲ್ಲ, ಹದಿನೈದು ರಾತ್ರಿಯ ನಿದ್ದೆಯಂತೂ ಯಾವ ಲೆಕ್ಕದಲ್ಲೂ ಇರಲಿಲ್ಲ. ಇಲಾಖೆಯ ಭಾಷೆಯಲ್ಲಿ ಈ ಹಣಕ್ಕೆ 'ದಯಾತ್ಮಕ ಧನ' ಎನ್ನುತ್ತಾರೆ. ಆ ಹೆಸರೇ ಅದರ ಮಿತಿಯನ್ನು ಹೇಳುತ್ತದೆ. ಅದು ಕಳೆದುಹೋದದ್ದರ ಬೆಲೆಯಲ್ಲ. ಅಪ್ಪ ಗೊಣಗಿದರು. ಆದರೆ 'ಬಂತಲ್ಲ' ಎಂದೂ ಅಂದರು. ಆ 'ಬಂತಲ್ಲ' ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಮರುವರ್ಷ.

2013ರ ಜೂನಿನ ಒಂದು ಬೆಳಗ್ಗೆ ಜಮೀನಿನ ಕೊಟ್ಟಿಗೆಯಲ್ಲಿ ಕೆಂಪಿ ಇರಲಿಲ್ಲ. ಗೂಟದಲ್ಲಿ ತುಂಡಾದ ಹಗ್ಗವಿತ್ತು. ಎಳೆದುಕೊಂಡು ಹೋದ ಗುರುತು ಹಿಡಿದು ನಲವತ್ತು ಹೆಜ್ಜೆ ಹೋದರೆ ಲಂಟಾನ ಪೊದೆಯ ಬುಡದಲ್ಲಿ ಅವಳು ಬಿದ್ದಿದ್ದಳು. ಕುತ್ತಿಗೆಯಲ್ಲಿ ತೂತುಗಳು, ಹಿಂದಿನ ತೊಡೆಯ ಮಾಂಸ ಇರಲಿಲ್ಲ. ಅವಳ ಹಾಲಿನಿಂದಲೇ ನನ್ನ ಕಾಲೇಜಿನ ಬಸ್ ಪಾಸು, ತಂಗಿಯ ಪುಸ್ತಕ ಎಲ್ಲ ನಡೆಯುತ್ತಿತ್ತು. ಅವ್ವ ಅಲ್ಲೇ ಕುಸಿದು ಕುಳಿತಳು.

ಸುದ್ದಿ ತಿಳಿದು ದೊಡ್ಡಪ್ಪ ಬಂದರು. ನಾಲ್ಕು ವರ್ಷ ನಮ್ಮ ಹೊಲದ ಬದು ದಾಟದವರು, ಆ ಸಹಿಯ ಮೇಲೆ ಆಗೊಮ್ಮೆ ಈಗೊಮ್ಮೆ ಬರತೊಡಗಿದ್ದರು. ಅವರ ಕೈಯಲ್ಲಿ ಹತ್ತಿಗೆ ಹೊಡೆಯುವ ಔಷಧಿಯ ಡಬ್ಬಿ ಇತ್ತು. 'ಇವತ್ತು ರಾತ್ರಿ ಮತ್ತೆ ಬತ್ತದೆ. ಮಿಕ್ಕ ಮಾಂಸಕ್ಕೆ ಇದನ್ನ ಹಾಕ್ಬುಡು. ನಾಳೆ ನಿನ್ನ ಇನ್ನೊಂದು ಹಸೂನಾದ್ರೂ ಉಳೀತದೆ' ಎಂದರು. ಅವರು ಕ್ರೂರಿಯಲ್ಲ. ತಮ್ಮನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು ಅದು.

ಅಪ್ಪ ಡಬ್ಬಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. 'ಅರ್ಜಿ ಬರದ್ರೆ ಬತ್ತದೇನ್ಲಾ?'

'ರಾಗೀದು ಬಂತಲ್ಲ ಅಪ್ಪ. ಇದೂ ಬತ್ತದೆ. ಆದ್ರೆ ವಿಷ ಹಾಕಿದ್ರೆ ಬರಲ್ಲ, ಜೈಲು ಬತ್ತದೆ' ಎಂದೆ. ಅಪ್ಪ ಡಬ್ಬಿ ತೆಗೆದುಕೊಂಡು ದೊಡ್ಡಪ್ಪನ ಕೈಗೇ ವಾಪಸ್ಸು ಕೊಟ್ಟರು.

ಈ ಸಲ ನನಗೆ ಕೆಲಸ ಗೊತ್ತಿತ್ತು. ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗಳ ಮೇಲೆ ಜನ ಓಡಾಡಿ ಅಳಿಸಿಬಿಡುತ್ತಾರೆಂದು ಎರಡು ಬಾಂಡ್ಲಿ ತಂದು ಕವುಚಿದೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ಹುಲಿ, ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ಈ ಹೆಜ್ಜೆಗಳಲ್ಲಿ ಉಗುರಿನ ಗುರುತಿರಲಿಲ್ಲ. ಕೆಂಪಿಯನ್ನು ಮಣ್ಣು ಮಾಡೋಣವೆಂದು ಅವ್ವ ಅತ್ತಳು. ಬೇಡವೆಂದು ತಡೆದೆ. ಅವಳನ್ನು ಬಿದ್ದಲ್ಲಿಂದ ಒಂದು ಅಡಿಯೂ ಕದಲಿಸಲು ಬಿಡಲಿಲ್ಲ. ಹಿಂದಿನ ವರ್ಷ ಊರಿನಲ್ಲೊಬ್ಬರು ಸತ್ತ ಎತ್ತನ್ನು ಗೌರವದಿಂದ ಹೂತು, ಮರುದಿನ ಅರ್ಜಿ ಹಾಕಿ, ನೋಡಲು ಏನೂ ಇಲ್ಲದೆ ಬರಿಗೈಯಲ್ಲಿ ಹಿಂತಿರುಗಿದ್ದರು.

ಗಾರ್ಡೂ ಪಶುವೈದ್ಯರೂ ಮಧ್ಯಾಹ್ನದೊಳಗೆ ಬಂದರು. ವೈದ್ಯರು ಕುತ್ತಿಗೆಯ ಚರ್ಮ ಬಿಡಿಸಿ ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ನನಗೂ ತೋರಿಸಿದರು. 'ಜೀವ ಇದ್ದಾಗ ಕಚ್ಚಿದ್ರೆ ಮಾತ್ರ ಹೀಗೆ ಒಳಗೆ ರಕ್ತ ಇಳಿದು ಹೆಪ್ಪುಗಟ್ಟೋದು. ಕಾಯಿಲೆಯಿಂದ ಸತ್ತ ದನವನ್ನು ಆಮೇಲೆ ಯಾವುದೋ ಪ್ರಾಣಿ ತಿಂದಿದ್ರೆ ಇದು ಕಾಣಲ್ಲ' ಎಂದರು. ಶವಪರೀಕ್ಷೆಯ ವರದಿ ಏಕೆ ಬೇಕೆಂಬುದು ನನಗೆ ಆಗ ಅರ್ಥವಾಯಿತು. ಕೋರೆಹಲ್ಲಿನ ತೂತುಗಳ ನಡುವಿನ ಅಂತರ, ಹಿಂಭಾಗದಿಂದ ತಿನ್ನಲು ಶುರುಮಾಡಿದ ರೀತಿ, ಹೆಜ್ಜೆಯ ಅಳತೆ ಎಲ್ಲ ನೋಡಿ ಹುಲಿಯೆಂದು ಬರೆದುಕೊಂಡರು.

ನನ್ನ ಅರ್ಜಿ ಹೀಗಿತ್ತು: 'ಕಳೆದ ರಾತ್ರಿ ನಮ್ಮ ಸ್ವಂತ ಜಮೀನಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ಸುಮಾರು ಐದು ವರ್ಷದ, ಹಾಲು ಕೊಡುತ್ತಿದ್ದ ಹಸುವನ್ನು ಹುಲಿ ಕೊಂದಿದೆ. ಮೃತದೇಹ ಕೊಟ್ಟಿಗೆಯಿಂದ ನಲವತ್ತು ಹೆಜ್ಜೆ ದೂರದಲ್ಲಿದೆ, ಕದಲಿಸಿಲ್ಲ. ಸ್ಥಳ ಪರಿಶೀಲಿಸಿ ನಿಯಮದಂತೆ ಪರಿಹಾರ ಕೊಡಬೇಕೆಂದು ಕೋರುತ್ತೇನೆ.' ಮೇಲೆ ಸರ್ವೆ ನಂಬರು, ಕೆಳಗೆ ಬ್ಯಾಂಕ್ ಪುಸ್ತಕದಲ್ಲಿರುವಂತೆಯೇ ಅಪ್ಪನ ಹೆಸರು. 'ಸ್ವಂತ ಜಮೀನಿನ ಕೊಟ್ಟಿಗೆಯಲ್ಲಿ' ಎಂಬ ಮಾತನ್ನು ಮರೆಯಬೇಡ ಎಂದು ಗಾರ್ಡು ಹೇಳಿದ್ದರು. ದನವನ್ನು ಕಾಡಿನೊಳಗೆ ಮೇಯಲು ಬಿಟ್ಟಿದ್ದಾಗ ಸತ್ತಿದ್ದರೆ ಅರ್ಜಿಯ ದಾರಿಯೇ ಬೇರೆಯಾಗುತ್ತಿತ್ತು.

ಅಂದು ರಾತ್ರಿ ಹುಲಿ ಬಂತು. ಮಿಕ್ಕದ್ದನ್ನು ತಿಂದು ಹೋಯಿತು. ನಾವು ಮನೆಯೊಳಗೆ ಎದ್ದೇ ಇದ್ದೆವು. ಮೂರು ತಿಂಗಳ ಮೇಲೆ ಬಂದ ಹಣಕ್ಕೆ ಇನ್ನೊಂದಿಷ್ಟು ಸಾಲ ಸೇರಿಸಿ ಒಂದು ಕಡಸು ತಂದೆವು.

ಈಗ ನಾನೂ ಮೇಷ್ಟ್ರು. ಇಲಾಖೆಯಲ್ಲಿ 'ಇ-ಪರಿಹಾರ' ಎಂಬ ಗಣಕ ವ್ಯವಸ್ಥೆ ಬಂದಿದೆ; ಹಣ ನೇರವಾಗಿ ಖಾತೆಗೆ ಬರುತ್ತದೆ. ಬಂಡೀಪುರ, ನಾಗರಹೊಳೆಯ ಸುತ್ತಲಿನ ಊರುಗಳಲ್ಲಿ 2015ರಿಂದ 'ವೈಲ್ಡ್ ಸೇವೆ' ಎಂಬ ಕಾರ್ಯಕ್ರಮದವರು ಫೋನ್ ಮಾಡಿದರೆ ಬಂದು ಅರ್ಜಿಗೆ ನೆರವಾಗುತ್ತಿದ್ದಾರೆ. ಆದರೂ ಪಹಣಿಯಲ್ಲಿ ತಾತನ ಹೆಸರಿದ್ದರೆ, ಬ್ಯಾಂಕಿನ ಪುಸ್ತಕದಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರಿದ್ದರೆ ಯಂತ್ರವೂ ಗುಮಾಸ್ತರಂತೆಯೇ ಕಾಗದ ಹಿಂದಕ್ಕೆ ತಳ್ಳುತ್ತದೆ. ಮಕ್ಕಳೇ, ಮನೆಯ ಈ ಕಾಗದಗಳನ್ನು ಒಮ್ಮೆ ಒಟ್ಟಿಗೆ ಇಟ್ಟುಕೊಂಡು ಓದಿ ನೋಡಿ; ಆನೆ ಬರುವ ಮುಂಚೆ.

2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. ಹುಲಿ ಕೊಂದ ಹಸುವಿನ ದೇಹಕ್ಕೆ ವಿಷ ಹಾಕಿದ್ದರು. ತರಗತಿಯಲ್ಲಿ ಆ ಸುದ್ದಿ ಓದಿದಾಗ ಮಕ್ಕಳೆಲ್ಲ ವಿಷ ಹಾಕಿದವರನ್ನು ಬೈದರು. ನಾನೂ ಅದನ್ನು ಸರಿಯೆನ್ನಲಾರೆ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡಪ್ಪನ ಕೈಯ ಡಬ್ಬಿ. ಹಿಂದಿನ ವರ್ಷದ ಆ 12 ಗುಂಟೆಯ ಹಣ ಬಾರದೇ ಹೋಗಿದ್ದರೆ, ಆ ಬೆಳಿಗ್ಗೆ ಅಪ್ಪನ ಪ್ರಶ್ನೆಗೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ.

ಪತ್ರಲೇಖನದ ಪಾಠ ನಾನು ಈಗಲೂ ಮಾಡುತ್ತೇನೆ. ಪುಸ್ತಕ ಮುಚ್ಚಿಸಿ, ಮಕ್ಕಳ ಕೈಗೆ ಮೂವತ್ತಮೂರು ಅಡಿಯ ಹಗ್ಗ ಕೊಟ್ಟು, ಶಾಲೆಯ ಮೈದಾನ ಎಷ್ಟು ಗುಂಟೆ ಅಳೆದು ಬನ್ನಿ ಎನ್ನುತ್ತೇನೆ. ಅಳೆದು ಬಂದ ಮೇಲೆ ಅರ್ಜಿ.