ತೊಂಬತ್ತಾರು ಬೊಗಸೆ ನೀರು

ಪೋಸ್ಟ್ ಸ್ವಲ್ಪ ಉದ್ದ ಆಗೇದ, ಪುರುಸೊತ್ತು ಮಾಡಿಕೊಂಡು ಓದ್ರಿ.

ನಾನು ಏಳನೇ ಕ್ಲಾಸಿನವರೆಗೆ ಪ್ರತಿ ವರ್ಷ ಸ್ಕೂಲ್ ಡೇದಾಗ ಒಂದೇ ಪಾತ್ರ ಮಾಡೀನಿ. ಅದು ಬೆಂಚು ಹೊರೋ ಪಾತ್ರ. ಡ್ರೆಸ್ಸಿನ ಬಾಡಿಗೆ ಕೊಡೋ ಮನೆಯ ಹತ್ತು-ಹನ್ನೆರಡು ಮಕ್ಕಳು ಸ್ಟೇಜಿನ ಮೇಲೆ ಕುಣೀತಿದ್ರು. "ಚಂದ ಕುಣಿಯೋರನ್ನ ಆರಿಸೀವಿ" ಅಂತಿದ್ರು ಮಾಸ್ತರರು. ನಮ್ಮ ಕೇರಿ ಮಕ್ಕಳು ಚಂದ ಕುಣೀತಾರೋ ಇಲ್ಲೋ ಅಂತ ಒಮ್ಮೆಯೂ ಕುಣಿಸಿ ನೋಡಿರಲಿಲ್ಲ.

ಹೋದ ವರ್ಷ ಹಿರೇಕೊಟ್ನೆಕಲ್ ಕಡೆಯ ಒಂದು ಶಾಲೆಯ ಟೀಚರ್ ಬಂದು, "ಅಣ್ಣಾ, ತೊಂಬತ್ತಾರು ಮಕ್ಕಳದಾರ. ಎಲ್ಲರನ್ನೂ ಹ್ಯಾಂಗ ಸ್ಟೇಜಿಗೆ ತರೋದು?" ಅಂತ ಕೇಳಿದ್ರು. ತೊಂಬತ್ತಾರು ಮಕ್ಕಳಿಗೆ ಪಾತ್ರ ಹುಡುಕ್ತಾ ಕೂತರೆ ಕೊನೆಗೆ ಮೂವತ್ತು ಮಕ್ಕಳು ಗಿಡ ಆಗಿ ನಿಲ್ತಾರ. ಅದಕ್ಕೇ ಎಲ್ಲರೂ ಸೇರದಿದ್ದರೆ ಅರ್ಥವೇ ಇಲ್ಲದಂಥ ವಿಷಯ ಬೇಕು ಅಂದೆ. ನನಗೆ ಹೊಳೆದದ್ದು ಮಹಾಡ್.

1923ರಲ್ಲಿ ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಮಹಾಡ್ ಪುರಸಭೆಯೂ ಅದನ್ನು ಒಪ್ಪಿತು. ಆದರೂ ಚವದಾರ್ ಕೆರೆಯ ನೀರು ನಮ್ಮವರಿಗೆ ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದರು, ಹಿಂದೆ ಸಾವಿರಾರು ಜನ ಕುಡಿದರು. ಒಬ್ಬರೇ ಕುಡಿದು ಬಂದಿದ್ದರೆ ಅದು ಸತ್ಯಾಗ್ರಹ ಆಗುತ್ತಿರಲಿಲ್ಲ. ಆಮೇಲೆ ಮೇಲ್ಜಾತಿಯವರು 108 ಕೊಡ ಹೊಯ್ದು ಕೆರೆ 'ಶುದ್ಧಿ' ಮಾಡಿದರು.

ಹಂಚಿಕೆ ಹೀಗೆ ಮಾಡಿದ್ವಿ. ಒಂದು-ಎರಡನೇ ಕ್ಲಾಸಿನ 26 ಮಕ್ಕಳು ಆ ಕೊಡಗಳನ್ನು ಒಂದರಿಂದ 108ರವರೆಗೆ ಕೂಗಿ ಎಣಿಸಬೇಕು. ಎಣಿಕೆ ಹೆಂಗಿದ್ದರೂ ಅವರು ಕಲಿಯೋ ಪಾಠವೇ. ಮೂರನೇ ಕ್ಲಾಸಿನ 14 ಮಕ್ಕಳು ಮನೆಯ ಹಳೇ ಸೀರೆ ಹಿಡಿದು ಮೈದಾನದಾಗ ಕೆರೆ ಆಗಬೇಕು. ನಾಲ್ಕು-ಐದರ 30 ಮಕ್ಕಳು ಮೆರವಣಿಗೆ, ಆರು-ಏಳರ 26 ಮಕ್ಕಳು ಪುರಸಭೆ. ಕೊನೆಗೆ 96 ಮಂದಿಯೂ ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಹೇಳಿ ನೀರು ಕುಡಿಯಬೇಕು. ಡ್ರೆಸ್ ಬಾಡಿಗೆ ಇಲ್ಲ, ಶಾಲೆಯ ಯೂನಿಫಾರ್ಮೇ ಸಾಕು.

ಮೊದಲ ರಿಹರ್ಸಲ್ ನೋಡಿದಾಗ ನನ್ನ ಎದೆ ಝಲ್ ಅಂತು. ಆರು-ಏಳರಿಂದ ನಮ್ಮ ಕೇರಿಯ ಮಕ್ಕಳನ್ನೆಲ್ಲ ಎತ್ತಿ ಮೆರವಣಿಗೆಗೆ ಸೇರಿಸಿದ್ದರು, ಗೌಡರ ಮನೆಯ ಮಕ್ಕಳು ಕುರ್ಚಿ ಮೇಲಿದ್ದರು. ಬೇಕಂತ ಮಾಡಿದ್ದಲ್ಲ, ಕೈಗೆ ಹತ್ತಿದ ರೂಢಿ. ನಾಲ್ಕರಿಂದ ಏಳರ ಎಲ್ಲರ ಹೆಸರನ್ನೂ ಡಬ್ಬಿಗೆ ಹಾಕಿ ಚೀಟಿ ಎತ್ತಿದ್ವಿ. ಪುರಸಭೆಯ ಅಧ್ಯಕ್ಷಸ್ಥಾನ ಹೊಲ ಕಾಯೋ ಆಳಿನ ಮಗಳಿಗೆ ಬಂತು.

ಮೈಕು ಕೈಯಿಂದ ಕೈಗೆ ದಾಟಿಸ್ತಾ ಹೋದರೆ ಕೊನೆಯ ಸಾಲಿಗೆ ಇಪ್ಪತ್ತು ನಿಮಿಷ ಹಿಡೀತಿತ್ತು. ಎರಡು ಮೈಕು ಸ್ಟ್ಯಾಂಡಿಗೆ ಹಾಕಿ ಎರಡೂ ಕಡೆಯಿಂದ ಸರದಿಯಂತೆ ಬಿಟ್ವಿ. ತಲೆಗೆ ಐದು ಸೆಕೆಂಡು, ಒಟ್ಟು ಎಂಟೇ ನಿಮಿಷ. ಬೆಂಗಳೂರಿಗೆ ಗುಳೆ ಹೋಗಿದ್ದ ಮನೆಗಳ ಆರು ಮಕ್ಕಳು ಎರಡು ದಿನ ಮುಂಚೆ ಬಂದರು. ಡ್ಯಾನ್ಸ್ ಇದ್ದಿದ್ದರೆ ಅವರಿಗೆ ಜಾಗ ಇರ್ತಿರಲಿಲ್ಲ. ಇಲ್ಲಿ ತಮ್ಮ ಹೆಸರು ಹೇಳೋಕೆ ಏನ್ ರಿಹರ್ಸಲ್ ಬೇಕು?

ನಿಜವಾದ ಜಗ್ಗಾಟ ನೀರಿನ ಕೊಳಗದ ಮೇಲೆ ಬಂತು. "ಸ್ವಚ್ಛತೆ ದೃಷ್ಟಿಯಿಂದ ಅವರವರ ಬಾಟಲಿ ತರಲಿ" ಅಂದ್ರು ಕೆಲವರು. ಇನ್ನೊಬ್ಬರು, "ಒಬ್ಬ ಹುಡುಗ ಚಂಬಿನಿಂದ ಬೊಗಸೆಗೆ ಹೊಯ್ಯಲಿ" ಅಂದ್ರು. ಬಾಟಲಿ ತಂದರೆ ಕೆರೆ ಎಲ್ಲಿ ಉಳೀತು? ಇನ್ನು ಮೇಲಿಂದ ಬೊಗಸೆಗೆ ನೀರು ಹೊಯ್ಯೋದು ಅಂದ್ರೆ ನಮ್ಮ ಅವ್ವ-ಅಪ್ಪಗಳು ಹೋಟೆಲ್ ಹೊರಗೆ, ಬಾವಿ ಕಟ್ಟೆ ಕೆಳಗೆ ಕುಡಿದ ರೀತಿ. ಹೊಯ್ಯೋರು ಇರಬಾರದು, ಮಗು ತಾನೇ ಕೈ ಅದ್ದಿ ತಗೋಬೇಕು ಅಂತ ನಾನು ಪಟ್ಟು ಹಿಡಿದೆ. ಸ್ವಚ್ಛತೆಗೆ ಪಕ್ಕದಾಗ ಸೋಪು-ನೀರು ಇಟ್ವಿ, ಕೈ ತೊಳೆದೇ ಸಾಲಿಗೆ. ಒಪ್ಪಿದರು. ಇಬ್ಬರು ಮಕ್ಕಳನ್ನ ಮಾತ್ರ ಮನೆಯವರು ಆ ದಿನ ಕಳಿಸಲಿಲ್ಲ. ಅವರ ಹೆಸರನ್ನು ಅವರ ಪಕ್ಕ ಕೂಡೋ ಗೆಳೆಯರು ಹೇಳಿ, ಇನ್ನೊಂದು ಬೊಗಸೆ ಕುಡಿದರು.

ಕೊಳಗದ ಎದುರಿಗೆ ಕೂತ ಮುದುಕಿಯೊಬ್ಬಳು, "ನಮ್ಮ ಕಾಲದಾಗ ಹಿಂಗ ಕೈ ಹಾಕಿದ್ರ ಕೊಡಾನೇ ಒಡೀತಿದ್ರು ಯಪ್ಪಾ" ಅಂದಳು.

ಎಲ್ಲರೂ ಸೇರಿದರೋ ಇಲ್ಲವೋ ಅನ್ನೋದು ಫೋಟೋದಾಗ ಗೊತ್ತಾಗಲ್ಲ. ಮರುದಿನ ಮಗುವಿಗೆ "ನೀ ಏನ್ ಮಾಡಿದಿ?" ಅಂತ ಕೇಳ್ರಿ. "ನಿಂತಿದ್ದೆ" ಅಂದ್ರೆ ಅದು ಮತ್ತೊಂದು ಬೆಂಚು ಹೊರೋ ಪಾತ್ರ. ನಾನು ನಮ್ಮ ಕೇರಿಯ ಎರಡನೇ ಕ್ಲಾಸಿನ ಹುಡುಗನ್ನ ಕೇಳಿದೆ. "ನೂರಾ ಎಂಟು ಎಣಿಸಿದೆ, ಹೆಸರು ಹೇಳಿದೆ, ನೀರು ಕುಡಿದೆ" ಅಂದ.

ಡಿಸೆಂಬರ್ ಬಂತು. ನಿಮ್ಮೂರ ಶಾಲೆಯ ಸ್ಕೂಲ್ ಡೇ ಪಟ್ಟಿ ಬರೆಯೋ ಮುಂಚೆ ಹಾಜರಿ ಪುಸ್ತಕ ಪಕ್ಕದಾಗ ಇಟ್ಟುಕೊಳ್ಳಲಿ ಅಂತ ಹೇಳ್ರಿ. ಜೈ ಭೀಮ್.